ಒಂದು ಪತ್ರ, ಏಳು ‘ಹೆಮ್ಮೆ’

ಪ್ರಶ್ನೆ: ನನ್ನ ಮಗಳು ಮಂಗಳೂರಿನಲ್ಲಿ ಬಿ.ಎಸ್ಸಿ. ನರ್ಸಿಂಗ್ ಮುಗಿಸಿದ್ದಾಳೆ. ಪದವಿ ಪ್ರದಾನದ ದಿನ ಅವಳ ಕೈಗೆ ಕೊಡಲೆಂದು ಒಂದು ಪತ್ರ ಬರೆದೆ. ಓದಿ ನೋಡಿದರೆ ಒಂದೇ ಪುಟದಲ್ಲಿ ‘ಹೆಮ್ಮೆ’ ಏಳು ಸಲ ಬಂದಿದೆ. ತಮ್ಮನ ಮಗ ಇಂಗ್ಲಿಷಿನ ‘ಪ್ರೌಡ್’ ಪದಕ್ಕೆ ಪ್ಲೀಸ್ಡ್, ಗ್ರ್ಯಾಟಿಫೈಡ್, ಆನರ್ಡ್ ಎಂಬ ಬದಲಿ ಪದಗಳನ್ನು ಬರೆದುಕೊಟ್ಟ. ನಿಘಂಟು ನೋಡಿ ಸಂತುಷ್ಟ, ಸಂತೃಪ್ತ, ಸನ್ಮಾನಿತ ಎಂದು ಹಾಕಿ ಇನ್ನೊಂದು ಕರಡು ಮಾಡಿದೆ. ಈಗ ಅದು ನಾನು ಬರೆದ ಪತ್ರ ಎಂದೇ ಅನಿಸುತ್ತಿಲ್ಲ. ಎರಡನ್ನೂ ಕಳುಹಿಸಿದ್ದೇನೆ. ಯಾವ ಪದ ಎಲ್ಲಿಗೆ ಹೊಂದುತ್ತದೆ ಹೇಳಿ. — ಕಾಫಿ ಬೆಳೆಗಾರ, ಮಾದಾಪುರದ ಬಳಿ, ಕೊಡಗು

ಉತ್ತರ: ಎರಡು ಕರಡುಗಳನ್ನೂ ಪಕ್ಕಪಕ್ಕ ಇಟ್ಟುಕೊಂಡು ಓದಿದೆ. ಎರಡನೆಯದನ್ನು ಬದಿಗಿಡಿ. ಮೊದಲನೆಯದರಲ್ಲಿ ಪದ ಮರುಕಳಿಸಿದೆ ಎಂಬುದು ನಿಜ, ಆದರೆ ಅದರಲ್ಲಿ ಒಬ್ಬ ತಂದೆ ಮಾತನಾಡುತ್ತಿದ್ದಾನೆ. ಎರಡನೆಯದರಲ್ಲಿ ಯಾರು ಮಾತನಾಡುತ್ತಿದ್ದಾರೆ ಎಂದೇ ತಿಳಿಯುವುದಿಲ್ಲ. ಪದಗಳಿಗೆ ಹೋಗುವ ಮೊದಲು ಹೀಗಾದದ್ದು ಏಕೆ ಎಂದು ಹೇಳಿಬಿಡುತ್ತೇನೆ. ಅದು ಗೊತ್ತಾದರೆ ಉಳಿದದ್ದು ನಿಮಗೇ ಹೊಳೆಯುತ್ತದೆ.

‘ನಿನ್ನ ಸಾಧನೆಯಿಂದ ನಾನು ಸಂತುಷ್ಟನಾಗಿದ್ದೇನೆ’ ಎಂದು ಬರೆದಿದ್ದೀರಿ. ವ್ಯಾಕರಣದಲ್ಲಿ ತಪ್ಪಿಲ್ಲ. ಆದರೆ ಮನಸ್ಸಿಗೆ ಆದದ್ದನ್ನು ಕನ್ನಡಿಗರು ಹೇಳುವ ದಾರಿ ಅದಲ್ಲ. ಇಂಗ್ಲಿಷಿನಲ್ಲಿ ಮನುಷ್ಯ ಕರ್ತೃವಾಗಿ ನಿಲ್ಲುತ್ತಾನೆ, ಭಾವನೆ ಅವನಿಗೆ ಹಚ್ಚಿದ ವಿಶೇಷಣವಾಗುತ್ತದೆ. ಕನ್ನಡದಲ್ಲಿ ಭಾವನೆಯೇ ನಡೆದು ಬರುತ್ತದೆ, ಮನುಷ್ಯ ಚತುರ್ಥಿಯಲ್ಲಿ ನಿಂತು ಅದನ್ನು ಬರಮಾಡಿಕೊಳ್ಳುತ್ತಾನೆ. ನನಗೆ ಚಳಿಯಾಯಿತು, ನನಗೆ ಹಸಿವಾಯಿತು, ನನಗೆ ಸಂತೋಷವಾಯಿತು, ನನಗೆ ಹೆಮ್ಮೆ ಎನಿಸಿತು. ಬಾಯಿ ತೆರೆದು ಮಾತನಾಡುವಾಗ ನಾವೆಲ್ಲ ಹೀಗೆಯೇ ಹೇಳುತ್ತೇವೆ. ಪೆನ್ನು ಹಿಡಿದ ಕೂಡಲೇ ‘ಸಂತುಷ್ಟನಾಗಿದ್ದೇನೆ’ ಎಂದು ಬರೆದರೆ ಅದು ಶಾಲೆಯ ತಪಾಸಣೆಗೆ ಬಂದ ಅಧಿಕಾರಿಯ ವರದಿಯಂತೆ ಕೇಳುತ್ತದೆ. ‘ಸನ್ಮಾನಿತ’ ಇನ್ನೂ ದೂರ ಹೋಯಿತು. ಆ ಪದದ ಜೊತೆಗೆ ಶಾಲು, ಹಾರ, ಹಣ್ಣಿನ ಬುಟ್ಟಿ, ಮೈಸೂರು ಪೇಟ ಎಲ್ಲ ಬರುತ್ತವೆ. ನಿಮ್ಮ ಮಗಳು ನಿಮಗೆ ಶಾಲು ಹೊದಿಸಿಲ್ಲ.

ನಿಘಂಟನ್ನು ದೂರುವಂತಿಲ್ಲ, ಅದು ಪದಕ್ಕೆ ಪದವನ್ನು ಕೊಡುತ್ತದೆ. ನಿಮಗೆ ಬೇಕಾಗಿದ್ದದ್ದು ಆ ಇಂಗ್ಲಿಷ್ ಪದಗಳು ತಮ್ಮ ಮನೆಯಲ್ಲಿ ಮಾಡುವ ಕೆಲಸ. ಅವು ಒಂದರ ಬದಲಿಗೆ ಒಂದು ಬಳಸುವ ಪದಗಳಲ್ಲ. ‘ಪ್ಲೀಸ್ಡ್’ ಎನ್ನುವುದು ಎಲ್ಲಕ್ಕಿಂತ ಹಗುರ, ಆದದ್ದು ಒಳ್ಳೆಯದಾಯಿತು ಎಂಬಷ್ಟು. ಮುಖ್ಯೋಪಾಧ್ಯಾಯರು ವಿದ್ಯಾರ್ಥಿಯ ಬಗ್ಗೆ, ಮೇಲಧಿಕಾರಿ ಕೆಳಗಿನವರ ಬಗ್ಗೆ ಹೇಳಿದರೆ ಚೆನ್ನ; ಕಚೇರಿಯ ಪತ್ರಗಳಲ್ಲಿ ಅದು ಸವೆದುಹೋಗಿದೆ. ‘ಗ್ರ್ಯಾಟಿಫೈಡ್’ ಎಂದರೆ ಬಹುಕಾಲ ಬಯಸಿದ್ದು ಅಥವಾ ಬೆವರು ಸುರಿಸಿದ್ದು ಕೈಗೂಡಿತು ಎಂಬ ತೃಪ್ತಿ. ಕೃತಜ್ಞತೆಗೆ ಇಂಗ್ಲಿಷರು ಹೇಳುವ ‘ಗ್ರ್ಯಾಟಿಟ್ಯೂಡ್’ ಕೂಡ ಅದೇ ಲ್ಯಾಟಿನ್ ಬೇರಿನಿಂದ ಬಂದದ್ದು. ‘ಆನರ್ಡ್’ ಎನ್ನುವವನು ತಾನು ಕೆಳಗೆ ನಿಂತು ಎದುರಿನವರನ್ನು ಮೇಲೆ ಕೂರಿಸುತ್ತಾನೆ. ತಂದೆ ಮಗಳಿಗೆ ಆ ಮಾತು ಹೇಳಿದರೆ ಮನೆಯ ಕುರ್ಚಿಗಳೇ ಅದಲುಬದಲಾಗುತ್ತವೆ. ಅದರ ಬಲವೂ ಅಲ್ಲಿಯೇ ಇದೆ.

ಇನ್ನು ನಮ್ಮ ‘ಹೆಮ್ಮೆ’. ಹಳಗನ್ನಡದಲ್ಲಿ ಇದು ‘ಪೆರ್ಮೆ’. ‘ಪೆರ್’ ಎಂದರೆ ದೊಡ್ಡದು. ಪಕಾರ ಹಕಾರವಾಗಿ ಅದೇ ‘ಹೆರ್’ ಇಂದಿಗೂ ಹೆಮ್ಮರದಲ್ಲಿ, ಹೆದ್ದಾರಿಯಲ್ಲಿ, ಹೆಬ್ಬಾಗಿಲಿನಲ್ಲಿ, ಹೆಬ್ಬೆರಳಿನಲ್ಲಿ ಉಳಿದಿದೆ. ‘ಹಿರಿಮೆ’ ಇದರ ಅಕ್ಕ. ಹಿರಿಮೆ ಎಂಬುದು ಒಬ್ಬರಲ್ಲಿರುವ ದೊಡ್ಡತನ, ಹೆಮ್ಮೆ ಎಂಬುದು ಆ ದೊಡ್ಡತನ ತನ್ನವರದು ಎಂದು ತಿಳಿದಾಗ ನಮ್ಮೊಳಗೆ ಆಗುವ ಉಬ್ಬು. ಆದ್ದರಿಂದ ಹೆಮ್ಮೆಗೆ ಒಂದು ಸ್ವಭಾವವಿದೆ: ಅದಕ್ಕೆ ನೋಡುವ ನಾಲ್ಕು ಜನ ಬೇಕು. ಅದು ಹೊರಮುಖವಾದ ಪದ. ಸಂತೆಯಲ್ಲಿ, ಮದುವೆ ಮನೆಯಲ್ಲಿ, ಬಸ್ಸಿನಲ್ಲಿ ಪಕ್ಕದಲ್ಲಿ ಕುಳಿತವರ ಎದುರು ತಲೆ ಎತ್ತುವಂತೆ ಮಾಡುವುದು ಹೆಮ್ಮೆ. ಬಾಗಿಲು ಹಾಕಿಕೊಂಡು ಒಬ್ಬರೇ ಕುಳಿತಾಗ ಆಗುವುದಕ್ಕೆ ಬೇರೆ ಹೆಸರುಗಳಿವೆ.

ಈ ಒಂದು ಗುಣವನ್ನು ಹಿಡಿದುಕೊಂಡು ನಿಮ್ಮ ಏಳು ವಾಕ್ಯಗಳನ್ನು ನೋಡೋಣ. ಪ್ರತಿಯೊಂದು ವಾಕ್ಯವೂ ಯಾವ ಕಡೆಗೆ ಮುಖ ಮಾಡಿದೆ ಎಂದು ಕೇಳುತ್ತೇನೆ.

ಮೊದಲ ವಾಕ್ಯ: ‘ನೀನು ಪಾಸಾದ ಸುದ್ದಿ ಕೇಳಿ ಹೆಮ್ಮೆಯಾಯಿತು.’ ಇದು ಸುದ್ದಿಯ ಕಡೆಗೆ ಮುಖ ಮಾಡಿದೆ. ಫೋನ್ ಬಂದ ಆ ಗಳಿಗೆಯಲ್ಲಿ ನಿಮಗೆ ಆದದ್ದು ಸಂತೋಷ. ಹಾಗೆಂದೇ ಬರೆಯಿರಿ, ಆ ಪದ ಸಣ್ಣದೆಂದು ಅಂಜಬೇಡಿ. ಸ್ವಲ್ಪ ಹೆಚ್ಚು ಬಣ್ಣ ಬೇಕಾದರೆ ‘ಹಿಗ್ಗು’ ಇದೆ. ಬಟ್ಟೆ ಹಿಗ್ಗುತ್ತದೆ, ಹಿಗ್ಗಿಸಿದರೆ ರಬ್ಬರು ಉದ್ದವಾಗುತ್ತದೆ, ಹಾಗೆಯೇ ಮನಸ್ಸೂ. ಹಿಗ್ಗು ಕ್ಷಣದ್ದು, ಅದರಲ್ಲಿ ಮೈ ಸೇರಿಕೊಂಡಿರುತ್ತದೆ. ಇಂಗ್ಲಿಷಿನ ‘ಪ್ಲೀಸ್ಡ್’ ಎಂಬುದಕ್ಕಿಂತ ಇದು ಎಷ್ಟೋ ಬೆಚ್ಚಗಿನ ಪದ.

ಇಲ್ಲಿ ಕ್ರಿಯಾಪದದ ಬಗ್ಗೆ ಒಂದು ಮಾತು, ಏಕೆಂದರೆ ಅರ್ಧದಷ್ಟು ಕೆಲಸವನ್ನು ಅದೇ ಮಾಡುತ್ತದೆ. ‘ಹೆಮ್ಮೆಯಾಯಿತು’ ಎಂದರೆ ಒಂದು ದಿನ ಆಗಿ ಮುಗಿದದ್ದು. ‘ಹೆಮ್ಮೆ ಇದೆ’ ಎಂದರೆ ಫಲಿತಾಂಶ ಬಂದರೂ ಬರದಿದ್ದರೂ ಇರುವಂಥದ್ದು. ‘ಹೆಮ್ಮೆ ಎನಿಸುತ್ತದೆ’ ಎಂದರೆ ಹೇಳುವವನು ಒಂದು ಹೆಜ್ಜೆ ಹಿಂದೆ ಸರಿದು ಹೇಳುತ್ತಿದ್ದಾನೆ. ‘ಹೆಮ್ಮೆ ಪಡುತ್ತೇನೆ’ ಎಂಬುದು ವೇದಿಕೆಯ ಮಾತು, ಭಾಷಣದಲ್ಲಿ ಚೆನ್ನಾಗಿ ಕೇಳುತ್ತದೆ. ನಿಮ್ಮ ಏಳರಲ್ಲಿ ಎರಡು ಕಡೆ ಈ ‘ಹೆಮ್ಮೆ ಪಡುವ’ ಮಾತು ಇದೆ. ಪದ ಮರುಕಳಿಸಿದೆ ಎಂದು ನಿಮಗೆ ಕಿರಿಕಿರಿಯಾದದ್ದಕ್ಕೆ ಹೆಮ್ಮೆಯ ಜೊತೆಗೆ ಈ ‘ಪಡುವುದೂ’ ಕಾರಣ ಎಂದು ನನಗೆ ಅನಿಸುತ್ತದೆ. ಗಟ್ಟಿಯಾಗಿ ಓದಿ ನೋಡಿ, ಮೈಕಿನ ಮುಂದೆ ನಿಂತಂತೆ ಆಗುತ್ತದೆ.

ಎರಡನೆಯದು: ‘ನಮ್ಮ ಮನೆತನದಲ್ಲಿ ನೀನೇ ಮೊದಲ ಪದವೀಧರೆ. ಸೋಮವಾರಪೇಟೆಗೆ ಹೋದಾಗ ಯಾರಾದರೂ ಕೇಳಿದರೆ ಹೆಮ್ಮೆಯಿಂದ ಹೇಳುತ್ತೇನೆ.’ ಇದನ್ನು ಮುಟ್ಟಬೇಡಿ. ಇಲ್ಲಿ ಕೇಳುವವರಿದ್ದಾರೆ, ಪೇಟೆಯ ಬೀದಿ ಇದೆ, ಹೇಳುವ ಬಾಯಿ ಇದೆ. ಹೆಮ್ಮೆಗೆ ಬೇಕಾದ ಜಾಗ ಇದೇ. ಇಡೀ ಪತ್ರದಲ್ಲಿ ಆ ಪದ ಇಲ್ಲಿ ಒಮ್ಮೆ ಮಾತ್ರ ಬಂದರೆ ಅದರ ತೂಕ ಮಗಳಿಗೆ ತಾಗುತ್ತದೆ.

ಮೂರನೆಯ ವಾಕ್ಯದ ಮುಂದೆ ನಾನು ಬಹಳ ಹೊತ್ತು ಕುಳಿತೆ. ‘ಎರಡು ವರ್ಷದ ಮೆಣಸು ಮಾರಿ, ಸೊಸೈಟಿಯಲ್ಲಿ ಸಾಲ ಮಾಡಿ ನಿನ್ನನ್ನು ಓದಿಸಿದ್ದಕ್ಕೆ ಹೆಮ್ಮೆ ಪಡುತ್ತೇನೆ.’ ನಿಮ್ಮ ಮನಸ್ಸಿನಲ್ಲಿ ಇದ್ದದ್ದು ನನಗೆ ಅರ್ಥವಾಗುತ್ತದೆ. ಆದರೆ ವಾಕ್ಯದ ಮುಖ ಎತ್ತ ತಿರುಗಿದೆ ನೋಡಿ. ಇಲ್ಲಿ ಹೆಮ್ಮೆ ಮಗಳ ಬಗ್ಗೆ ಉಳಿದಿಲ್ಲ, ನಿಮ್ಮ ತ್ಯಾಗದ ಬಗ್ಗೆ ಆಗಿಬಿಟ್ಟಿದೆ. ‘ಗ್ರ್ಯಾಟಿಫೈಡ್’ ಎಂಬ ಪದ ಹುಡುಕುತ್ತಿದ್ದ ಜಾಗ ಇದು. ಕನ್ನಡದಲ್ಲಿ ಇದಕ್ಕೆ ಎರಡು ಮೂರು ಪದಗಳಿವೆ, ಒಂದೊಂದರ ಅಳತೆ ಬೇರೆ.

‘ತೃಪ್ತಿ’ ಊಟಕ್ಕೆ ಹತ್ತಿರದ ಪದ. ಸಾಕು ಎನ್ನುವಷ್ಟು ಸಿಕ್ಕಿತು ಎಂಬ ಭಾವ. ಅದರಲ್ಲಿ ಬೇಡಿಕೆ ಮುಗಿದದ್ದೂ ಸೇರಿದೆ, ಆದ್ದರಿಂದ ಶಾಂತವಾದ ಪದ. ‘ಸಾರ್ಥಕ’ದಲ್ಲಿ ‘ಅರ್ಥ’ ಇದೆ, ಪಟ್ಟ ಪಾಡಿಗೆ ಅರ್ಥ ಸಿಕ್ಕಿತು ಎನ್ನುವುದು. ಇದು ನಿಮ್ಮ ಭಾವಕ್ಕೆ ತೀರ ಹತ್ತಿರದ್ದು, ಮತ್ತು ಎಚ್ಚರದಿಂದ ಬಳಸಬೇಕಾದದ್ದೂ ಹೌದು. ‘ನಿನ್ನಿಂದ ನಮ್ಮ ಕಷ್ಟ ಸಾರ್ಥಕವಾಯಿತು’ ಎಂದರೆ, ಪಾಸಾಗದಿದ್ದರೆ ವ್ಯರ್ಥವಾಗುತ್ತಿತ್ತು ಎಂಬ ಇನ್ನೊಂದು ವಾಕ್ಯ ಅದರ ಹಿಂದೆಯೇ ನಿಂತಿರುತ್ತದೆ. ಇಪ್ಪತ್ತೆರಡು ಇಪ್ಪತ್ಮೂರರ ಹುಡುಗಿ ಆ ಹಿಂದಿನ ವಾಕ್ಯವನ್ನೇ ಮೊದಲು ಓದುತ್ತಾಳೆ. ‘ಕೃತಾರ್ಥ’ ಎಂಬ ಪದವೂ ಇದೆ. ಉದ್ದೇಶ ಕೈಗೂಡಿದವನು ಎಂದು ಅರ್ಥ. ಆದರೆ ‘ನಾನು ಕೃತಾರ್ಥನಾದೆ’ ಎಂದು ತಂದೆ ಬರೆದರೆ ಅವನ ಕೆಲಸವೆಲ್ಲ ಮುಗಿಯಿತು, ಇನ್ನು ಕಾಶಿಗೆ ಹೊರಡುವುದೊಂದೇ ಬಾಕಿ ಎಂಬ ಧ್ವನಿ ಬರುತ್ತದೆ. ನಿಮ್ಮ ಪತ್ರಕ್ಕೆ ಅದು ಬೇಡ.

ಹಾಗಾದರೆ ಏನು ಮಾಡುವುದು? ಸಾಲ, ಮೆಣಸು ಎರಡನ್ನೂ ತೆಗೆದು, ತೃಪ್ತಿಯನ್ನು ಅದು ಮೈಗೆ ಬಂದ ರೀತಿಯಲ್ಲಿ ಹೇಳಿ. ಇದಕ್ಕೆ ನನ್ನ ಹತ್ತಿರ ಇರುವ ಒಂದು ಉದಾಹರಣೆ ಕೊಡುತ್ತೇನೆ. ನಾನು ಮೈಸೂರಿನಲ್ಲಿ ಬಿ.ಎ. ಮುಗಿಸಿದಾಗ ನನ್ನ ಅಪ್ಪ ಒಂದು ಕಾರ್ಡು ಹಾಕಿದ್ದರು. ಅವರು ಹೆಚ್ಚು ಬರೆಯುವವರಲ್ಲ. ಮಳೆ, ಗದ್ದೆ, ಹಸು ಕರು ಹಾಕಿದ್ದು ಇಷ್ಟಾದ ಮೇಲೆ ಕೊನೆಯಲ್ಲಿ ಜಾಗವಿಲ್ಲದೆ ಅಂಚಿನಲ್ಲಿ ಅಡ್ಡಡ್ಡ ಬರೆದಿದ್ದರು: ‘ನಿನ್ನ ರಿಸಲ್ಟ್ ತಿಳಿಯಿತು. ಆ ರಾತ್ರಿ ಒಳ್ಳೆಯ ನಿದ್ದೆ ಬಂತು.’ ಮೂರು ವರ್ಷ ಅವರಿಗೆ ಒಳ್ಳೆಯ ನಿದ್ದೆ ಬಂದಿರಲಿಲ್ಲ ಎಂಬುದು ನನಗೆ ತಿಳಿದದ್ದು ಆ ಅಂಚಿನ ಸಾಲಿನಿಂದ. ಸಾಲದ ಲೆಕ್ಕ ಅವರು ಎಂದೂ ಹೇಳಲಿಲ್ಲ. ಕಾರ್ಡು ಇಂದಿಗೂ ನನ್ನ ಬಳಿ ಇದೆ. ತೃಪ್ತಿ ಎಂಬ ಪದದ ಅರ್ಥವನ್ನು ಮೂವತ್ತು ವರ್ಷ ತರಗತಿಯಲ್ಲಿ ಹೇಳುವಾಗ ನನ್ನ ಕಣ್ಣ ಮುಂದೆ ಇದ್ದದ್ದು ಅದೇ ಸಾಲು.

ನಿಮಗೂ ಅಂಥದ್ದೊಂದು ಇದ್ದೇ ಇರುತ್ತದೆ. ಫೋನ್ ಇಟ್ಟ ಮೇಲೆ ನೀವು ಏನು ಮಾಡಿದಿರಿ? ಕಣದಲ್ಲಿ ಹರಡಿದ ಕಾಫಿಯನ್ನು ಕೈಯಾಡಿಸಲು ಹೋದಿರಾ, ಮೆಟ್ಟಿಲ ಮೇಲೆ ಸುಮ್ಮನೆ ಕುಳಿತಿರಾ? ಅದನ್ನು ಬರೆಯಿರಿ.

ನಾಲ್ಕನೆಯದು ನಿಮ್ಮ ಪತ್ರದ ಜೀವ: ‘ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಒಬ್ಬ ಅಜ್ಜಿಯ ಕೈ ಹಿಡಿದು ಬೆಳಗಿನವರೆಗೆ ಕುಳಿತಿದ್ದೆ ಎಂದು ಹೇಳಿದೆಯಲ್ಲ, ಆಗ ನಿನ್ನ ಬಗ್ಗೆ ಹೆಮ್ಮೆಯಾಯಿತು.’ ಇಲ್ಲಿ ಹೆಮ್ಮೆ ಸಾಲದು. ನಿಮ್ಮ ಮಗಳು ಆ ರಾತ್ರಿ ಮಾಡಿದ್ದು ನಿಮ್ಮದೆಂದು ನೀವು ಹೇಳಿಕೊಳ್ಳುವಂಥದ್ದಲ್ಲ. ನೀವು ಕಲಿಸದ, ನೀವು ನೋಡದ, ಬಹುಶಃ ನಿಮ್ಮಿಂದ ಆಗದಿರುವ ಒಂದು ಕೆಲಸವನ್ನು ಅವಳು ಮಾಡಿದ್ದಾಳೆ. ಎದುರಿಗಿರುವವಳು ಮಗಳು ಎನ್ನುವುದನ್ನು ಒಂದು ಗಳಿಗೆ ಮರೆತು ಒಬ್ಬ ದೊಡ್ಡ ಮನುಷ್ಯಳನ್ನು ನೋಡಿದಂತೆ ನಿಮಗೆ ಆಗಿದೆ. ಅದಕ್ಕೆ ಕನ್ನಡದಲ್ಲಿ ‘ಗೌರವ’ ಎನ್ನುತ್ತಾರೆ. ನಿಮ್ಮ ತಮ್ಮನ ಮಗನ ಪಟ್ಟಿಯ ‘ಆನರ್ಡ್’ ಹೊಂದುವ ಜಾಗ ಇದೊಂದೇ.

ಗೌರವ ಎಂಬ ಪದ ‘ಗುರು’ ಎಂಬುದರಿಂದ ಬಂದದ್ದು. ಛಂದಸ್ಸಿನಲ್ಲಿ ಗುರು ಲಘು ಹಾಕಿದ್ದು ನೆನಪಿರಬಹುದು. ಗುರು ಎಂದರೆ ಭಾರವಾದದ್ದು. ಒಬ್ಬರ ಮೇಲೆ ಗೌರವ ಬಂತು ಎಂದರೆ ಅವರು ನಮ್ಮ ಮನಸ್ಸಿನಲ್ಲಿ ಭಾರವಾದರು ಎಂದರ್ಥ. ಆದರೆ ವಾಕ್ಯ ಕಟ್ಟುವಾಗ ‘ನಿನ್ನನ್ನು ಗೌರವಿಸುತ್ತೇನೆ’ ಎನ್ನಬೇಡಿ, ಅದು ಮತ್ತೆ ಶಾಲಿನ ಕಡೆಗೆ ಹೋಗುತ್ತದೆ. ‘ನಾನು ಗೌರವಿಸಲ್ಪಟ್ಟೆ’ ಎಂಬುದಂತೂ ಕನ್ನಡವೇ ಅಲ್ಲ. ‘ನಿನ್ನ ಮೇಲೆ ಗೌರವ ಹುಟ್ಟಿತು’ ಎನ್ನಿ. ಹುಟ್ಟುವುದು ತಾನಾಗಿ ಆಗುವಂಥದ್ದು, ಯಾರೂ ಕೊಟ್ಟದ್ದಲ್ಲ. ನಮ್ಮ ಕಡೆಯ ಮನೆಗಳಲ್ಲಿ ಹಿರಿಯರು ಕಿರಿಯರಿಗೆ ಈ ಮಾತು ಹೇಳುವ ವಾಡಿಕೆ ಇಲ್ಲ. ಅದಕ್ಕಾಗಿಯೇ ಇದನ್ನು ಒಂದು ನಿರ್ದಿಷ್ಟ ಕೆಲಸಕ್ಕೆ ಕಟ್ಟಬೇಕು. ‘ನಿನ್ನ ಮೇಲೆ ನನಗೆ ತುಂಬಾ ಗೌರವವಿದೆ’ ಎಂದು ಬರಿದೇ ಬರೆದರೆ ಅವಳಿಗೆ ಮುಜುಗರವಾಗುತ್ತದೆ. ಅಜ್ಜಿಯ ಕೈ ಹಿಡಿದ ರಾತ್ರಿಯ ಪಕ್ಕದಲ್ಲಿ ಬರೆದರೆ ಆ ಮಾತನ್ನು ಅವಳು ನಂಬುತ್ತಾಳೆ.

ಐದನೆಯದು: ‘ನಿನ್ನಂಥ ಮಗಳನ್ನು ಪಡೆದದ್ದಕ್ಕೆ ಹೆಮ್ಮೆ.’ ಪಡೆದದ್ದಕ್ಕೆ ಹೆಮ್ಮೆ ಪಡುವಂತಿಲ್ಲ, ಪಡೆಯುವುದು ನಮ್ಮ ಕೈಯಲ್ಲಿ ಇರಲಿಲ್ಲವಲ್ಲ. ಪಡೆದದ್ದಕ್ಕೆ ಆಗುವುದು ಧನ್ಯತೆ. ‘ಧನ್ಯ’ದ ಒಳಗೆ ‘ಧನ’ ಇದೆ. ತನ್ನ ಯೋಗ್ಯತೆಯನ್ನು ಮೀರಿ ಸಿರಿ ಒಲಿದವನು ಧನ್ಯ. ಗಮನಿಸಿ, ಈ ಪದ ಚತುರ್ಥಿಯನ್ನು ಬಿಟ್ಟು ಪ್ರಥಮಾ ವಿಭಕ್ತಿಯಲ್ಲಿ ಹಾಯಾಗಿ ನಿಲ್ಲುತ್ತದೆ: ‘ನಾನು ಧನ್ಯ.’ ಭಕ್ತರ ಬಾಯಲ್ಲಿ ಬೆಳೆದು ಬಂದ ಪದವಾದ್ದರಿಂದ ಅದಕ್ಕೆ ಆ ಸಲುಗೆ ಇದೆ. ಹಾಗೆಂದು ಪತ್ರದಲ್ಲಿ ಇದು ದೇವಸ್ಥಾನದ ಮಾತಿನಂತೆ ಕೇಳುವ ಅಪಾಯವೂ ಉಂಟು. ನಿಮ್ಮ ಭಾಷೆ ಸರಳವಾದದ್ದು, ಆದ್ದರಿಂದ ನಾನಾದರೆ ‘ನೀನು ನಮ್ಮ ಪಾಲಿಗೆ ಬಂದದ್ದು ನಮ್ಮ ಪುಣ್ಯ’ ಎಂದು ಬರೆಯುತ್ತೇನೆ. ಭಾವ ಅದೇ, ಮಾತು ಅಂಗಳದ್ದು.

ಆರನೆಯದು: ‘ನಿನ್ನ ಅಮ್ಮನಿಗೂ ನಿನ್ನ ಬಗ್ಗೆ ತುಂಬಾ ಹೆಮ್ಮೆ.’ ಇದಕ್ಕೆ ಬದಲಿ ಪದ ಹುಡುಕಬೇಡಿ. ಅಮ್ಮನ ಭಾವನೆಯನ್ನು ಅಮ್ಮನೇ ಹೇಳಬೇಕು. ಅದರ ಬಗ್ಗೆ ಕೊನೆಯಲ್ಲಿ ಹೇಳುತ್ತೇನೆ.

ಏಳನೆಯದು: ‘ಮುಂದೆಯೂ ನಾವು ಹೆಮ್ಮೆ ಪಡುವಂತೆ ಬಾಳು.’ ಈ ಸಾಲನ್ನು ಹೊಡೆದುಹಾಕಿ ಎಂದು ಕೇಳಿಕೊಳ್ಳುತ್ತೇನೆ. ನೂರಾರು ಪತ್ರಗಳು ಹೀಗೆಯೇ ಮುಗಿಯುತ್ತವೆ, ಬರೆದವರಲ್ಲಿ ಯಾರ ಮನಸ್ಸೂ ಕೆಟ್ಟದ್ದಲ್ಲ. ಆದರೂ ಇದು ಮೇಲೆ ಕೊಟ್ಟದ್ದನ್ನೆಲ್ಲ ಸಾಲವನ್ನಾಗಿ ಮಾಡಿಬಿಡುತ್ತದೆ. ಆರು ಸಲ ಉಡುಗೊರೆಯಾಗಿ ಕೊಟ್ಟ ಹೆಮ್ಮೆಗೆ ಏಳನೆಯ ಸಲ ಬಡ್ಡಿ ಕೇಳಿದಂತೆ. ನಾಳೆ ಆ ಹುಡುಗಿಗೆ ಕೆಲಸದಲ್ಲಿ ಏನಾದರೂ ತೊಂದರೆಯಾದರೆ, ಮನಸ್ಸಿಗೆ ಸೋಲಾದರೆ, ಮನೆಗೆ ಫೋನ್ ಮಾಡುವ ಮೊದಲು ಈ ಸಾಲು ಅವಳಿಗೆ ನೆನಪಾಗಬಾರದು. ಇದರ ಜಾಗದಲ್ಲಿ ಒಂದು ಸಾಧಾರಣ ಮಾತು ಸಾಕು. ಹುತ್ತರಿಗೆ ರಜೆ ಸಿಗುತ್ತದೆಯೇ ನೋಡು ಎಂದು ಕೇಳಿದರೆ ಅದರಲ್ಲಿ ಎಲ್ಲವೂ ಬಂತು.

ನೀವು ಕೇಳದ ಇನ್ನೆರಡು ಪದಗಳ ಬಗ್ಗೆ ಚಿಕ್ಕದಾಗಿ. ಈಚೆಗೆ ಹಿಂದಿಯ ಪ್ರಭಾವದಿಂದ ‘ಗರ್ವ ಪಡುತ್ತೇನೆ’ ಎಂದು ಒಳ್ಳೆಯ ಅರ್ಥದಲ್ಲಿ ಬರೆಯುವುದು ಕಾಣುತ್ತಿದೆ. ಕನ್ನಡದಲ್ಲಿ ಗರ್ವ ಮುರಿಯಬೇಕಾದದ್ದು, ಪಡಬೇಕಾದದ್ದಲ್ಲ. ‘ಅಭಿಮಾನ’ ಒಳ್ಳೆಯ ಪದವೇ. ನಾಡಿನ ಮೇಲೆ, ನುಡಿಯ ಮೇಲೆ, ಮೆಚ್ಚಿನ ಆಟಗಾರನ ಮೇಲೆ ಅಭಿಮಾನ ಇಡಬಹುದು. ಹಳೆಯ ವಿದ್ಯಾರ್ಥಿನಿಯ ಬಗ್ಗೆ ನಾನು ಹೇಳಿದರೂ ಸರಿ. ಹೆತ್ತ ಮಗಳ ಬಗ್ಗೆ ತಂದೆ ಹೇಳಿದರೆ ಸ್ವಲ್ಪ ದೂರದಿಂದ ಹೇಳಿದಂತಾಗುತ್ತದೆ.

ಇನ್ನು ನನಗೆ ತುಂಬ ಮುಖ್ಯವೆನಿಸಿದ ಸಂಗತಿ. ನಿಮ್ಮ ಮೊದಲ ಕರಡಿನಲ್ಲಿ ಮೂರನೇ ಮತ್ತು ನಾಲ್ಕನೇ ವಾಕ್ಯಗಳ ನಡುವೆ ಒಂದು ಸಾಲನ್ನು ಬರೆದು ಎರಡು ಗೆರೆ ಎಳೆದು ಹೊಡೆದಿದ್ದೀರಿ. ಗೆರೆಯ ಕೆಳಗೆ ಅಕ್ಷರ ಕಾಣುತ್ತಿತ್ತು, ಓದಿಬಿಟ್ಟೆ, ಕ್ಷಮಿಸಿ. ‘2018ರ ಆಗಸ್ಟಿನಲ್ಲಿ ರಸ್ತೆ ಕುಸಿದ ದಿನ ನೀನು ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ನಡೆದೆ.’ ಆ ಆಗಸ್ಟ್ ಕೊಡಗಿನಲ್ಲಿ ಯಾರಿಗೂ ಮರೆಯುವಂಥದ್ದಲ್ಲ. ಗುಡ್ಡ ಜಾರಿ, ತೋಟ ಮನೆ ಹೋಗಿ, ಎಷ್ಟೋ ಮಂದಿ ಪರಿಹಾರ ಕೇಂದ್ರಗಳಲ್ಲಿ ದಿನ ಕಳೆದರು. ಆಗ ನಿಮ್ಮ ಮಗಳು ಹತ್ತನೇ ತರಗತಿಯಲ್ಲಿ ಇದ್ದಳು, ಕುಶಾಲನಗರದ ನೆಂಟರ ಮನೆಯಲ್ಲಿ ಉಳಿದು ಪರೀಕ್ಷೆ ಬರೆದಳು ಎಂದು ಪತ್ರದ ಜೊತೆಗಿನ ಟಿಪ್ಪಣಿಯಲ್ಲಿ ಬರೆದಿದ್ದೀರಿ. ಸಂತೋಷದ ದಿನ ಆ ಕಷ್ಟದ ಮಾತು ಏಕೆ ಎಂದು ಸಾಲನ್ನು ಹೊಡೆದಿರಬೇಕು.

ದಯವಿಟ್ಟು ಅದನ್ನು ವಾಪಸು ಸೇರಿಸಿ. ನಿಮ್ಮ ಇಡೀ ಪತ್ರದಲ್ಲಿ ನಿಮ್ಮ ಮಗಳು ಕಣ್ಣಿಗೆ ಕಾಣುವುದು ಎರಡೇ ಕಡೆ, ಚೀಲ ಹೊತ್ತು ನಡೆದಾಗ ಮತ್ತು ಅಜ್ಜಿಯ ಕೈ ಹಿಡಿದು ಕುಳಿತಾಗ. ಸಾಲದ ವಾಕ್ಯ ಬಿಟ್ಟುಹೋದ ಜಾಗದಲ್ಲಿ ಈ ಸಾಲು ಬಂದರೆ ಕಷ್ಟವೂ ಪತ್ರದಲ್ಲಿ ಉಳಿಯುತ್ತದೆ. ಆದರೆ ಅದು ನೀವು ಅವಳಿಗಾಗಿ ಪಟ್ಟ ಕಷ್ಟವಾಗಿ ಉಳಿಯುವುದಿಲ್ಲ, ಅವಳು ದಾಟಿದ ಕಷ್ಟವಾಗುತ್ತದೆ. ಇದರ ಪಕ್ಕದಲ್ಲಿ ಹೆಮ್ಮೆ, ಸಂತೋಷ, ಗೌರವ ಯಾವ ಪದವನ್ನೂ ಹಾಕಬೇಡಿ. ಚೀಲ ಸಾಕು.

ಆರಂಭದಲ್ಲಿ ನೀವು ‘ಚಿ. ಕುಮಾರಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು, ಇತ್ತ ಎಲ್ಲರೂ ಕ್ಷೇಮ’ ಎಂದು ಹಳೆಯ ಕ್ರಮದಲ್ಲಿಯೇ ಬರೆದಿದ್ದೀರಿ. ಎರಡನೇ ಕರಡಿನಲ್ಲಿ ಅದು ಹೋಗಿ ‘ಪ್ರೀತಿಯ ಮಗಳೇ’ ಬಂದಿದೆ. ಹಳೆಯದನ್ನೇ ಇಡಿ. ಪತ್ರದ ಆ ಮೊದಲ ಸಾಲು ರೂಢಿಯದ್ದಾದಷ್ಟೂ ಒಳಗಿನ ಮಾತು ನಿಮ್ಮದೇ ಆಗಿ ಕೇಳುತ್ತದೆ.

ನಿಮ್ಮದೇ ವಾಕ್ಯಗಳನ್ನು ಇಟ್ಟುಕೊಂಡು, ಆದಷ್ಟು ಕಡಿಮೆ ಮುಟ್ಟಿ, ಪತ್ರವನ್ನು ಒಮ್ಮೆ ಜೋಡಿಸಿದ್ದೇನೆ. ಫೋನಿನ ನಂತರ ನೀವು ಮಾಡಿದ್ದು ನನಗೆ ತಿಳಿಯದು, ಆದ್ದರಿಂದ ಅಲ್ಲಿ ನನ್ನ ಊಹೆಯಿಂದ ಒಂದು ಸಾಲು ಹಾಕಿದ್ದೇನೆ. ಅದನ್ನು ಅಳಿಸಿ ನಿಜವನ್ನು ಬರೆಯಿರಿ.

‘ಚಿ. ಕುಮಾರಿಗೆ ನಿನ್ನ ಅಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಪಾಸಾದ ಸುದ್ದಿ ಕೇಳಿ ಬಹಳ ಸಂತೋಷವಾಯಿತು. ಫೋನ್ ಇಟ್ಟ ಮೇಲೆ ತೋಟದ ಕಡೆಗೆ ಹೋದೆ. ಕೆಲಸವೇನೂ ಇರಲಿಲ್ಲ, ಸುಮ್ಮನೆ ಒಂದು ಸುತ್ತು ಬಂದೆ. ಆ ರಾತ್ರಿ ಊಟ ರುಚಿಸಿತು.

2018ರ ಆಗಸ್ಟಿನಲ್ಲಿ ರಸ್ತೆ ಕುಸಿದ ದಿನ ನೀನು ಪುಸ್ತಕಗಳನ್ನು ಗೊಬ್ಬರದ ಚೀಲದಲ್ಲಿ ಸುತ್ತಿ ತಲೆಯ ಮೇಲೆ ಇಟ್ಟುಕೊಂಡು ನಡೆದೆ. ನಾನು ನಿನ್ನ ಹಿಂದೆ ಬರುತ್ತಿದ್ದೆ.

ರಾತ್ರಿ ಪಾಳಿಯಲ್ಲಿ ಯಾರೂ ಇಲ್ಲದ ಒಬ್ಬ ಅಜ್ಜಿಯ ಕೈ ಹಿಡಿದು ಬೆಳಗಿನವರೆಗೆ ಕುಳಿತಿದ್ದೆ ಎಂದು ಕಳೆದ ವರ್ಷ ಹೇಳಿದೆ. ನಾನು ಆಗ ಏನೂ ಮಾತನಾಡಲಿಲ್ಲ. ಆ ದಿನ ನನಗೆ ನಿನ್ನ ಮೇಲೆ ಗೌರವ ಹುಟ್ಟಿತು. ನನ್ನಿಂದ ಅದು ಆಗುತ್ತಿರಲಿಲ್ಲ.

ನಮ್ಮ ಮನೆತನದಲ್ಲಿ ನೀನೇ ಮೊದಲ ಪದವೀಧರೆ. ಸೋಮವಾರಪೇಟೆಗೆ ಹೋದಾಗ ಯಾರಾದರೂ ಕೇಳಿದರೆ ಹೆಮ್ಮೆಯಿಂದ ಹೇಳುತ್ತೇನೆ. ಕೇಳದಿದ್ದರೂ ಹೇಳುತ್ತೇನೆ. ನೀನು ನಮ್ಮ ಪಾಲಿಗೆ ಬಂದದ್ದು ನಮ್ಮ ಪುಣ್ಯ.

ಹುತ್ತರಿಗೆ ರಜೆ ಸಿಗುತ್ತದೆಯೇ ನೋಡು.

ಇಂತು ಆಶೀರ್ವಾದಗಳೊಂದಿಗೆ,
ನಿನ್ನ ಅಪ್ಪ’

‘ನಾನು ನಿನ್ನ ಹಿಂದೆ ಬರುತ್ತಿದ್ದೆ’ ಎಂಬುದು ಸಹ ನನ್ನ ಊಹೆ. ಆ ದಿನ ನೀವು ಜೊತೆಯಲ್ಲಿ ಇರಲಿಲ್ಲವಾದರೆ ತೆಗೆದುಬಿಡಿ. ಊಟ ರುಚಿಸಿತು ಎಂಬುದನ್ನೂ ಹಾಗೆಯೇ ನೋಡಿಕೊಳ್ಳಿ. ತೃಪ್ತಿಯ ಜಾಗದಲ್ಲಿ ಕುಳಿತಿರುವ ಸಾಲು ಅದು, ನಿಮ್ಮ ಮೈಗೆ ಆದದ್ದೇ ಅಲ್ಲಿ ಇರಬೇಕು.

ಇನ್ನು ನಿಮ್ಮ ಮನೆಯವರ ವಿಷಯ. ಪುಟದ ಕೆಳಗೆ ಮೂರು ಬೆರಳಿನಷ್ಟು ಜಾಗ ಬಿಟ್ಟು, ಪತ್ರವನ್ನೂ ಪೆನ್ನನ್ನೂ ಅವರ ಕೈಗೆ ಕೊಡಿ. ಏನು ಬರೆಯಬೇಕೆಂದು ಹೇಳಿಕೊಡಬೇಡಿ, ಬರೆದ ಮೇಲೆ ತಿದ್ದಬೇಡಿ. ‘ಹೊಟ್ಟೆ ತಣ್ಣಗಾಯಿತು’ ಎಂದು ಬರೆದರೂ ಸರಿ, ‘ಸರಿಯಾಗಿ ಊಟ ಮಾಡು’ ಎಂದು ಬರೆದರೂ ಸರಿ. ಅವರು ಒಂದು ವೇಳೆ ‘ಹೆಮ್ಮೆ’ ಎಂದೇ ಬರೆದರೆ ಪತ್ರದಲ್ಲಿ ಆ ಪದ ಎರಡು ಸಲ ಆಗುತ್ತದೆ. ಆಗಲಿ.